‘ಆತು ಅಂದ್ರೆ ಎಂತ ಆತು ತಮಾ?’

ಸೋಮವಾರ ಬೆಳಿಗ್ಗೆ ಶಿರಸಿಯ ಮಂಡಿಯೊಂದರಲ್ಲಿ ಕೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಕೇಳಿದವರು ಮಂಡಿಯ ಹಿರಿಯ ರೈಟರು. ಅವರ ಒಂದು ಕೈಯಲ್ಲಿ ಲೆಕ್ಕಪಟ್ಟಿ, ಇನ್ನೊಂದರಲ್ಲಿ ಬೆಳೆಗಾರರೊಬ್ಬರ ಮೊಬೈಲು. ಆ ಮೊಬೈಲಿನ ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು. ಕೋಡ್ ಬರೆಯುವ ನಮ್ಮ ಹುಡುಗ ‘ಆ ಕೆಲ್ಸ ಶುಕ್ರವಾರವೇ ಆಯ್ತಲ್ಲ ಸಾರ್’ ಅಂದ. ರೈಟರು ತಲೆ ಎತ್ತಿ ನೋಡಿ ಸಮಾಧಾನವಾಗಿಯೇ ಕೇಳಿದರು: ‘ಆತು ಅಂದ್ರೆ ಎಂತ ಆತು ತಮಾ?’

ನಮ್ಮದು ಐದು ಜನರ ಸಣ್ಣ ತಂಡ. ಈ ಮಂಡಿಗೆ ಅಡಿಕೆ ವ್ಯಾಪಾರದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ರೈಟರ ಹತ್ತಿರ ಕೂತು ಯೂಸರ್ ಸ್ಟೋರಿ, ಅಂದರೆ ಬಳಸುವವರಿಗೆ ಏನು ಬೇಕು ಅನ್ನುವುದನ್ನು ಅವರ ಮಾತಿನಲ್ಲೇ ಕಾರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ಈ ಸಲದ ಸ್ಟೋರಿ ಸರಳವಾಗಿತ್ತು. ‘ಬೆಳೆಗಾರನಾಗಿ, ನನ್ನ ಲಾಟು ಮಾರಾಟವಾದ ಕೂಡಲೇ ತೂಕ, ದರ, ಮೊತ್ತ ನನ್ನ ಮೊಬೈಲಿಗೆ ಬರಬೇಕು, ಪಟ್ಟಿಗೆ ಸಂಜೆವರೆಗೆ ಕಾಯುವುದು ತಪ್ಪಬೇಕು.’ ಅದರ ಕೆಳಗೆ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ, ಅಂದರೆ ಗಿರಾಕಿ ಒಪ್ಪಿಕೊಳ್ಳಲು ಈ ಸ್ಟೋರಿ ಪೂರೈಸಬೇಕಾದ ಷರತ್ತು ಅಂತ ಮೂರು ಸಾಲು ಬರೆದಿದ್ದೆ: ಸಂದೇಶ ಕನ್ನಡದಲ್ಲಿರಬೇಕು, ಲಾಟಿಗೊಂದು ಸಂದೇಶ ಹೋಗಬೇಕು, ತೂಕ, ದರ, ಮೊತ್ತ ತೋರಿಸಬೇಕು.

ಸಂದೇಶವೇನೋ ಹೋಗಿತ್ತು. ಕನ್ನಡದಲ್ಲೇ ಇತ್ತು. ತೂಕ, ದರ, ಮೊತ್ತ ಮೂರೂ ಇದ್ದವು. ಆದರೆ ಮೊಬೈಲಿನ ಮೊತ್ತ ಒಂದು, ಪಟ್ಟಿಯ ಮೊತ್ತ ಇನ್ನೊಂದು. ರೈಟರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಪಟ್ಟಿಯಲ್ಲಿ ₹89,424. ಮೊಬೈಲಿನಲ್ಲಿ ₹89,240. ₹184 ಕಮ್ಮಿ. ಕಣ್ಣು ತಪ್ಪಿದರೆ ಅಂಕಿ ಹಿಂದುಮುಂದಾಗಿದೆ ಅನಿಸುವಂಥ ವ್ಯತ್ಯಾಸ ಅದು. ಆದರೆ ಅಂಕಿ ಹಿಂದುಮುಂದಾಗಿರಲಿಲ್ಲ.

ಆಗಿದ್ದಿಷ್ಟು. ಮೂರು ಚೀಲ ರಾಶಿ ಅಡಿಕೆ, ಒಟ್ಟು ತೂಕ 196.5 ಕಿಲೋ. ಚೀಲದ ತೂಕ ಅಂತ ಒಂದೊಂದಕ್ಕೆ 700 ಗ್ರಾಂ ಕಳೆದರೆ ಉಳಿದದ್ದು 194.4 ಕಿಲೋ. ಕ್ವಿಂಟಾಲಿಗೆ ₹46,000, ಅಂದರೆ ಕಿಲೋಗೆ ₹460. ಪಟ್ಟಿ ಬರೆಯುವ ಕಡೆ 194.4ಕ್ಕೆ ಲೆಕ್ಕ ಹಾಕಿದ್ದಾರೆ. ಸಂದೇಶ ಕಳಿಸುವ ಕಡೆ ನಮ್ಮ ಹುಡುಗ ತೂಕವನ್ನು ಪೂರ್ತಿ ಕಿಲೋಗೆ ಇಳಿಸಿ 194 ಮಾಡಿ, ಅದರಿಂದಲೇ ಮೊತ್ತ ಗುಣಿಸಿದ್ದಾನೆ. ಬಿಟ್ಟುಹೋದ 400 ಗ್ರಾಮಿನ ಬೆಲೆ ₹184.

ಬೆಳೆಗಾರರು ಪಾಪ ಜಗಳಕ್ಕೇನೂ ಬಂದಿರಲಿಲ್ಲ. ‘ಯಾವುದು ಸರಿ ಹೇಳಿ, ಸಾಕು’ ಅಂತ ಬೆಂಚಿನ ಮೇಲೆ ಕೂತಿದ್ದರು. ಜಗಳವಾದದ್ದು ಮಂಡಿಯವರಿಗೂ ನಮಗೂ. ಇದು ನಿಮ್ಮ ತಪ್ಪು, ಪುಕ್ಕಟೆ ಸರಿ ಮಾಡಿಕೊಡಿ ಅಂತ ಮಂಡಿಯ ಮ್ಯಾನೇಜರು. ಕೇಳಿದ ಮೂರೂ ಬಂದಿದೆ, ತೂಕಕ್ಕೆ ದಶಾಂಶ ಬೇಕು ಅಂತ ಎಲ್ಲೂ ಹೇಳಿಲ್ಲ, ಇದು ಬದಲಾವಣೆ, ಇದಕ್ಕೆ ಬೇರೆ ದುಡ್ಡು ಅಂತ ನಮ್ಮ ಯಜಮಾನರು ಫೋನಿನಲ್ಲಿ. ನಮ್ಮ ಹುಡುಗ ಲ್ಯಾಪ್‌ಟಾಪ್ ತೆರೆದು ನಮ್ಮ ಡೆಫಿನಿಷನ್ ಆಫ್ ಡನ್ ತೋರಿಸತೊಡಗಿದ. ಯಾವ ಕೆಲಸವಾದರೂ ಮುಗಿಯಿತು ಅನ್ನುವ ಮೊದಲು ಏನೇನು ಆಗಿರಬೇಕು ಅನ್ನುವ ಲಿಸ್ಟು ಅದು, ನಾವು ಅದನ್ನು ಡನ್ ಲಿಸ್ಟ್ ಅನ್ನುತ್ತೇವೆ. ಅದರಲ್ಲಿ ಐದು ಸಾಲಿದೆ. ಬರೆದವನಲ್ಲದೆ ಇನ್ನೊಬ್ಬರು ಕೋಡ್ ಓದಿರಬೇಕು. ಹೊಸ ಕೋಡಿಗೆ ಟೆಸ್ಟ್ ಬರೆದಿರಬೇಕು. ಹಳೆಯ ಟೆಸ್ಟುಗಳೆಲ್ಲ ಟೆಸ್ಟ್ ಸರ್ವರಿನಲ್ಲಿ ಪಾಸಾಗಿರಬೇಕು. ಟೆಸ್ಟರ್ ಕೈಯಾರೆ ನೋಡಿರಬೇಕು. ಬಳಸುವವರಿಗೆ ಒಂದು ಪ್ಯಾರಾ ಟಿಪ್ಪಣಿ ಬರೆದಿರಬೇಕು. ಐದಕ್ಕೂ ಟಿಕ್ ಬಿದ್ದಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ತುಂಬ ಪ್ರಾಮಾಣಿಕ ಹುಡುಗ, ಅವನ ಮುಖ ಕೆಂಪಾಗಿತ್ತು.

ರೈಟರು ಆ ಲಿಸ್ಟನ್ನು ಪೂರ್ತಿ ಓದಿಸಿಕೊಂಡರು. ಓದಿಸಿಕೊಂಡ ಮೇಲೂ ಅವರ ಪ್ರಶ್ನೆ ಅದೇ. ‘ಆತು ಅಂದ್ರೆ ಎಂತ ಆತು?’

ಆ ಲಿಸ್ಟಿನಲ್ಲಿ ಅವರಿಗೆ ಉತ್ತರ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕೋಡ್ ಓದಿದವಳಿಗೆ ಕೋಡ್ ಚೊಕ್ಕವಾಗಿ ಕಂಡಿತ್ತು. ಟೆಸ್ಟ್ ಕೂಡ 194 ಬರುತ್ತದಾ ಅಂತಲೇ ನೋಡುತ್ತಿತ್ತು, ಬರುತ್ತಿತ್ತು. ಕೆಲಸವನ್ನು ನಾವು ಜತನದಿಂದ ಮುಗಿಸಿದ್ದೆವು, ಆದರೆ ಅವರಿಗೆ ಬೇಕಾದ ಕೆಲಸವನ್ನಲ್ಲ. ಅವರಿಗೆ ಬೇಕಾದದ್ದೇನು ಅಂತ ಹೇಳಬೇಕಾದ ಜಾಗ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ. ಅಲ್ಲಿ ನಾನು ‘ತೂಕ ತೋರಿಸಬೇಕು’ ಅಂತಷ್ಟೇ ಬರೆದು ಬಿಟ್ಟಿದ್ದೆ. ಚೀಲದ ತೂಕ ಕಳೆದ ಮೇಲಿನದ್ದೋ, ಮೊದಲಿನದ್ದೋ? ದಶಾಂಶ ಎಷ್ಟು? ಪಟ್ಟಿಯ ಜೊತೆ ಹೊಂದಬೇಕೋ? ಯಾವುದನ್ನೂ ಕೇಳಿರಲಿಲ್ಲ. ಅದು ನನ್ನ ತಪ್ಪು ಅಂತ ಅಲ್ಲೇ ಒಪ್ಪಿಕೊಂಡೆ. ನಮ್ಮ ಯಜಮಾನರಿಗೆ ಅದು ಇಷ್ಟವಾಗಲಿಲ್ಲ. ಅವರು ಒಳ್ಳೆಯವರು, ಆದರೆ ದುಡ್ಡಿನ ಮಾತು ಬಂದಾಗ ಮೊದಲು ಗಟ್ಟಿಯಾಗಿ ಹಿಡಿದು ಆಮೇಲೆ ಬಿಡುವುದು ಅವರ ರೂಢಿ.

ರೈಟರ ಜೊತೆ ಕೂತು ಆ ಸಾಲನ್ನು ಹೊಸದಾಗಿ ಬರೆದೆ. ಈ ಸಲ ಲೆಕ್ಕವನ್ನೇ ಬರೆದೆ: ‘ಮೂರು ಚೀಲ, ಒಟ್ಟು 196.5 ಕಿಲೋ, ದರ ₹46,000 ಇದ್ದಾಗ ಸಂದೇಶದಲ್ಲಿ 194.4 ಕಿಲೋ, ₹89,424 ಬರಬೇಕು. ಮೊತ್ತ ಅಚ್ಚಾದ ಪಟ್ಟಿಯ ಜೊತೆ ಪೈಸೆಗೆ ಪೈಸೆ ಹೊಂದಬೇಕು.’ ಹೀಗೆ ಬರೆದರೆ ಇಬ್ಬರು ಓದಿ ಎರಡು ಅರ್ಥ ಮಾಡಿಕೊಳ್ಳುವುದು ಕಷ್ಟ. ಯೂಸರ್ ಸ್ಟೋರಿಯಲ್ಲಿ ಕಾರ್ಡು, ಮಾತುಕತೆ, ಖಾತ್ರಿ ಅಂತ ಮೂರು ಇರಬೇಕು ಅಂತ ಈ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬರಾದ ರಾನ್ ಜೆಫ್ರೀಸ್ 2001ರಲ್ಲೇ ಬರೆದಿದ್ದರು. ನನ್ನ ಹತ್ತಿರ ಕಾರ್ಡಿತ್ತು, ಮಾತುಕತೆ ಅರ್ಧ ಆಗಿತ್ತು, ಖಾತ್ರಿ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಬುಧವಾರ ಇದರ ತಿರುಗುಮುರುಗು ನಡೆಯಿತು.

ಮಂಗಳವಾರ ಹುಡುಗ ಕೂತು ಸರಿ ಮಾಡಿದ. ಮಂಡಿಗೆ ಹೋಗಿ ತನ್ನ ಲ್ಯಾಪ್‌ಟಾಪಿನಲ್ಲೇ ರೈಟರಿಗೆ ತೋರಿಸಿದ. 194.4, ₹89,424. ಅವರು ಪಟ್ಟಿ ತೆಗೆದು ತಾಳೆ ನೋಡಿ ‘ಈಗ ಸರಿಯಾತು’ ಅಂದರು. ಸೋಮವಾರದ ಅವಮಾನ ಅವನ ಮನಸ್ಸಿನಲ್ಲಿತ್ತು. ಖುಷಿಯಲ್ಲಿ ಅಲ್ಲಿಂದಲೇ ಮಂಡಿಯ ಕಂಪ್ಯೂಟರಿಗೆ ಹಾಕಿ, ಕಾರ್ಡನ್ನು ‘ಆಯ್ತು’ ಕಾಲಮ್ಮಿಗೆ ಎಳೆದು ಮನೆಗೆ ಹೋದ.

ಬುಧವಾರ ಗೋದಾಮಿನ ದಾಸ್ತಾನು ವರದಿ ಅಚ್ಚು ಹಾಕಿದರೆ ಅಂಕಿಗಳು ಒಂದರ ಮೇಲೊಂದು ಹತ್ತಿದ್ದವು. ಕಾರಣ ಹುಡುಕಲು ಹತ್ತು ನಿಮಿಷ ಬೇಕಾಗಲಿಲ್ಲ. ತೂಕವನ್ನು ಪೂರ್ತಿ ಕಿಲೋಗೆ ಇಳಿಸುವ ಫಂಕ್ಷನ್ ಒಂದೇ ಇತ್ತು, ಸಂದೇಶವೂ ವರದಿಯೂ ಅದನ್ನೇ ಬಳಸುತ್ತಿದ್ದವು. ಆ ವರದಿಯಲ್ಲಿ ದಶಾಂಶ ಬೇಡ, ಪೂರ್ತಿ ಕಿಲೋ ಸಾಕು ಅಂತ ಹಿಂದೆ ರೈಟರೇ ಕೇಳಿ ಮಾಡಿಸಿಕೊಂಡಿದ್ದರು. ಹುಡುಗ ಫಂಕ್ಷನ್ನನ್ನೇ ಬದಲಾಯಿಸಿದ್ದ. ವರದಿಯಲ್ಲೂ ದಶಾಂಶ ಬಂದು ಸಣ್ಣ ಕಾಲಮ್ಮಿನಿಂದ ಹೊರಗೆ ಚೆಲ್ಲಿತ್ತು.

ಈ ಸಲ ಜಗಳ ನಮ್ಮೊಳಗೇ. ‘ನನಗೆ ತೋರಿಸಲೇ ಇಲ್ಲ ನೀನು’ ಅಂತ ಟೆಸ್ಟರ್ ಹುಡುಗಿ. ‘ರೈಟರೇ ಒಪ್ಪಿದ ಮೇಲೆ ಇನ್ನೇನು ಅಕ್ಕಾ?’ ಅಂತ ಅವನು. ಅವನ ಮಾತೂ ಸುಳ್ಳಲ್ಲ ನೋಡಿ. ಕ್ರೈಟೀರಿಯಾದ ಪ್ರತಿ ಸಾಲೂ ಪೈಸೆಗೆ ಪೈಸೆ ಹೊಂದಿತ್ತು. ಆದರೆ ರೈಟರು ನೋಡಿದ್ದು ತಾವು ಕೇಳಿದ್ದನ್ನು ಮಾತ್ರ. ತಾವು ಕೇಳದ ಜಾಗದಲ್ಲಿ ಏನು ಕೆಟ್ಟಿದೆ ಅಂತ ನೋಡುವುದು ಅವರ ಕೆಲಸವಲ್ಲ, ಅದು ನಮ್ಮದು. ಡನ್ ಲಿಸ್ಟಿನ ಮೂರನೇ ಸಾಲು ಇರುವುದೇ ಅದಕ್ಕೆ. ಹಳೆಯ ಟೆಸ್ಟುಗಳನ್ನು ಓಡಿಸಿದ್ದರೆ ವರದಿಯ ಟೆಸ್ಟು ಅಲ್ಲೇ ಕೆಂಪಾಗುತ್ತಿತ್ತು.

ಸೋಮವಾರದ ಜಗಳ ಒಂದೂವರೆ ತಾಸು ನಡೆದಿತ್ತು, ಇದು ಎರಡು ನಿಮಿಷದಲ್ಲಿ ಮುಗಿಯಿತು. ಟೆಸ್ಟರ್ ಗೋಡೆಯ ಕಡೆ ಕೈ ತೋರಿಸಿದಳು. ಅವನು ಲಿಸ್ಟ್ ನೋಡಿದ, ಕಾರ್ಡನ್ನು ತಾನೇ ವಾಪಸ್ ಎಳೆದ. ಹಳೆಯ ಆವೃತ್ತಿಯನ್ನು ಮಂಡಿಯ ಕಂಪ್ಯೂಟರಿಗೆ ಮತ್ತೆ ಹಾಕಿದೆವು. ಮುಗಿದ ಕೆಲಸವನ್ನು ಗಿರಾಕಿಯ ಮುಂದಿಡುವ ಶುಕ್ರವಾರದ ಸ್ಪ್ರಿಂಟ್ ರಿವ್ಯೂದಲ್ಲಿ ಇದನ್ನು ತೋರಿಸುವುದಿಲ್ಲ ಅಂತಲೂ ಆಯಿತು. ನಾವು ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಈ ವಿಷಯದಲ್ಲಿ ಬಹಳ ಗಟ್ಟಿ. ಡೆಫಿನಿಷನ್ ಆಫ್ ಡನ್ ಮುಟ್ಟದ ಕೆಲಸವನ್ನು ಬಿಡುಗಡೆ ಮಾಡುವಂತಿಲ್ಲ, ರಿವ್ಯೂದಲ್ಲಿ ತೋರಿಸುವಂತೆಯೂ ಇಲ್ಲ, ಅದು ಬಾಕಿ ಕೆಲಸಗಳ ಸಾಲಾದ ಬ್ಯಾಕ್‌ಲಾಗಿಗೆ ವಾಪಸ್. ಅದೇ ಗೈಡಿನಲ್ಲಿ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಅನ್ನುವ ಮಾತೇ ಇಲ್ಲ. ಅದನ್ನು ತಂಡಗಳು ಸ್ಟೋರಿ ಬರೆಯುವ ಪದ್ಧತಿಯಿಂದ ತಂದುಕೊಂಡಿವೆ. ಒಂದು ಇದ್ದರೆ ಇನ್ನೊಂದು ಬೇಡ ಅಂದುಕೊಳ್ಳುವವರನ್ನು ನಾನು ತುಂಬ ನೋಡಿದ್ದೇನೆ. ಸೋಮವಾರದ ತನಕ ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ ಅನಿಸುತ್ತದೆ.

ಗುರುವಾರ ವರದಿ ಸರಿಯಾದ ಮೇಲೆ ಎರಡು ದಿನದ ಕತೆಯನ್ನೂ ರೈಟರಿಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಎದುರಿಗಿದ್ದ ಚೀಲದಿಂದ ಒಂದು ಮುಷ್ಟಿ ಅಡಿಕೆ ತೆಗೆದು ಅಂಗೈಯಲ್ಲಿ ಕುಲುಕಿದರು. ಒಣಗಿದ ಅಡಿಕೆಯ ಸದ್ದು ಗೊತ್ತಲ್ವಾ, ಕಲ್ಲಿಗೆ ಕಲ್ಲು ತಾಗಿದ ಹಾಗೆ. ‘ಚಾಲಿ ಇರಲಿ, ರಾಶಿ ಇರಲಿ, ಬೆಟ್ಟೆ ಇರಲಿ, ಒಣಗಿದ್ದಿಲ್ಲೆ ಅಂದ್ರೆ ಒಳಗೆ ತಗಳ್ತ್ವಿಲ್ಲೆ. ಅದು ಎಲ್ಲಾ ಲಾಟಿಗೂ ಒಂದೇ. ರಾಶಿ ಕೇಳಿದವ್ಗೆ ರಾಶಿನೇ ಹೋತಾ ಅಂತ ನೋಡದು ಬೇರೆ, ಅದು ಆಯಾ ಲಾಟಿಂದು.’ ಚೆನ್ನಾಗಿ ಒಣಗಿದ ಚಾಲಿಯನ್ನು ರಾಶಿ ಕೇಳಿದವನಿಗೆ ಕಳಿಸಿದರೂ ವಾಪಸ್ ಬರುತ್ತದೆ, ಹಸಿ ಇರುವ ರಾಶಿಯನ್ನು ಕಳಿಸಿದರೂ ವಾಪಸ್ ಬರುತ್ತದೆ. ಸೋಮವಾರ ನಾವು ಕಳಿಸಿದ್ದು ಮೊದಲನೆಯದು, ಮಂಗಳವಾರ ಎರಡನೆಯದು.

ಅವತ್ತಿನಿಂದ ಹೊಸ ಸಾಲು ಬರೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ: ಇದು ಮುಂದಿನ ಸ್ಟೋರಿಗೂ ಬೇಕಾ? ಬೇಕು ಅಂದರೆ ಡನ್ ಲಿಸ್ಟಿಗೆ. ಈ ಸ್ಟೋರಿಗೆ ಮಾತ್ರ ಅಂದರೆ ಅದರ ಕ್ರೈಟೀರಿಯಾಕ್ಕೆ. ‘ಕೋಡ್ ಇನ್ನೊಬ್ಬರು ಓದಿರಬೇಕು’ ಅಂತ ಪ್ರತಿ ಸ್ಟೋರಿಯಲ್ಲೂ ಬರೆದರೆ ಒಂದು ದಿನ ಯಾರೋ ಬರೆಯಲು ಮರೆಯುತ್ತಾರೆ, ಅವತ್ತು ಯಾರೂ ಓದುವುದಿಲ್ಲ. ‘ಮೊತ್ತ ಪಟ್ಟಿಗೆ ಹೊಂದಬೇಕು’ ಅಂತ ಡನ್ ಲಿಸ್ಟಿಗೆ ಹಾಕಿದರೆ, ಮೊತ್ತವೇ ಇಲ್ಲದ ಸ್ಟೋರಿಗೂ ಜನ ಸುಮ್ನೆ ಟಿಕ್ ಹಾಕುವುದನ್ನು ಕಲಿಯುತ್ತಾರೆ.

ನಿನ್ನೆ ರೈಟರು ಮತ್ತೆ ಕರೆದರು. ಸಂದೇಶದಲ್ಲಿ ಹಮಾಲಿಯೂ ಬರಬೇಕು ಅಂದರು. ನಾನು ಹಳೆಯ ಕಾರ್ಡು ತೋರಿಸಿದೆ. ಅದರಲ್ಲಿ ಹಮಾಲಿ ಇಲ್ಲ ಅಂತ ಅವರೇ ಓದಿಕೊಂಡು, ‘ಹೊಸಾ ಕಾರ್ಡು ಮಾಡು ಹಾಂಗಾರೆ’ ಅಂದರು. ದುಡ್ಡಿನ ಮಾತು ಎರಡು ವಾಕ್ಯದಲ್ಲಿ ಮುಗಿಯಿತು. ಅವರ ಮಟ್ಟಿಗೆ ಹೇಳಬೇಕೆಂದರೆ, ಬರೆದ ಮಾತಿಗೆ ಇಷ್ಟು ಬೆಲೆ ಕೊಡುವ ಗಿರಾಕಿಯನ್ನು ನಾನು ಕಂಡಿದ್ದು ಕಮ್ಮಿ.

ಆಮೇಲೆ ಕ್ರೈಟೀರಿಯಾ ಬರೆಯಲು ಕೂತೆವು. ಕನ್ನಡದ ಎಸ್ಸೆಮ್ಮೆಸ್ಸಿಗೆ ಒಂದು ಮಿತಿ ಇದೆ. ಒಂದೇ ಭಾಗದಲ್ಲಿ ಹೋಗಬೇಕಾದರೆ 70 ಅಕ್ಷರ. ಅದು ದಾಟಿದರೆ ಭಾಗಕ್ಕೆ 67, ಭಾಗಕ್ಕೊಂದರಂತೆ ದುಡ್ಡು. ಆ ಲೆಕ್ಕವೂ ಕಣ್ಣಿಗೆ ಕಂಡ ಹಾಗಲ್ಲ. ರೈಟರು ‘ಹಮಾಲಿ’ ಅಂತ ಬರೆದು ಮೂರು ಬೆರಳು ಎತ್ತಿದರು. ನಾನು ಅದರ ಕೆಳಗೆ ಹ, ಮ, ದೀರ್ಘ, ಲ, ಗುಡಿಸು ಅಂತ ಬಿಡಿಸಿ ಐದು ಅಂತ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಇಡೀ ಸಂದೇಶವನ್ನು ಹಾಗೇ ಬಿಡಿಸಿ ತಾವೇ ಎಣಿಸಿದರು. ‘ಎರಡು ಭಾಗ ದಾಟಬಾರದು, ಅಂದರೆ ಒಟ್ಟು 134’ ಅಂತ ಕಾರ್ಡಿನ ಮೇಲೆ ತಮ್ಮ ಕೈಯಲ್ಲೇ ಕೆಂಪು ಪೆನ್ನಿನಲ್ಲಿ ಬರೆದರು. ಬರೆದು ನಮ್ಮ ಹುಡುಗನ ಕಡೆ ತಿರುಗಿಸಿ, ‘ಇದು ಆದ್ರೆ ಆತು’ ಅಂದರು.