ಬರ್ತ್‌ಡೇ ಮೆಸೇಜಿಗೊಂದು ಪುಟ್ಟ ನೋಟ್‌ಬುಕ್

ನಮ್ಮ ಟೀಮಲ್ಲಿ ಯಾರ ಬರ್ತ್‌ಡೇ ಬಂದ್ರೂ ಮೆಸೇಜ್ ಬರೆಯೋ ಕೆಲಸ ನನ್ನ ತಲೆಗೇ. ಮೊದಲ ವರ್ಷ ಏನೂ ಕಷ್ಟ ಇಲ್ಲ, ಎರಡನೇ ವರ್ಷದಿಂದ ಶುರುವಾಗುತ್ತೆ ನೋಡಿ, "ಸದಾ ನಗುನಗ್ತಾ ಇರಿ" ಅನ್ನೋದನ್ನೇ ತಿರುಗಿಸಿ ಮುರುಗಿಸಿ ಬರೀತಾ ಇರ್ತೀವಿ, ಹೆಸರು ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಕಳಿಸಬಹುದು. ಅದಕ್ಕೇ ಒಂದು ನೋಟ್‌ಬುಕ್ ಇಟ್ಕೊಂಡಿದ್ದೀನಿ, ಒಬ್ಬೊಬ್ಬರಿಗೆ ಒಂದೊಂದು ಪುಟ.

ಮೇಲೆ ಹೆಸರು, ತಾರೀಖು, ತಿಂಗಳು. ಹುಟ್ಟಿದ ವರ್ಷ ಬರೆಯಲ್ಲ, ವಯಸ್ಸು ಕಟ್ಕೊಂಡು ನನಗೇನು. ಕೆಳಗೆ "ಒಳ್ಳೆಯವರು, ಹೆಲ್ಪ್ ಮಾಡ್ತಾರೆ" ಅಂತ ಗುಣಗಾನ ಬರ್ಕೊಂಡ್ರೆ ಎಷ್ಟೋ ತಿಂಗಳಾದ್ಮೇಲೆ ಓದಿದಾಗ ಒಂದು ಸಾಲೂ ಹುಟ್ಟಲ್ಲ, ಕಣ್ಣಿಗೆ ಬಿದ್ದಿದ್ದನ್ನ, ಅವರಾಡಿದ ಮಾತನ್ನ ಹಾಗ್‌ಹಾಗೇ ಬರೀಬೇಕು, ಪಕ್ಕದಲ್ಲಿ ಯಾವ ತಿಂಗಳು ಅಂತ.

ನಮ್ಮ ಅಕೌಂಟ್ಸ್ ಮೇಡಂ ಪುಟ ನೋಡಿ. "ಮಾರ್ಚ್: ಲೆಕ್ಕ ತಾಳೆ ಆದ್ರೆ ಪೆನ್ನಿನ ಕ್ಯಾಪ್ ಟಕ್ ಅಂತ ಮುಚ್ತಾರೆ, ಅಲ್ಲೀವರೆಗೂ ಮಾತಿಲ್ಲ. ಜುಲೈ: ಈಜು ಕಲಿಯೋಕೆ ಸೇರಿದ್ದಾರೆ, 'ತಲೆ ಮುಳುಗಿಸೋಕೇ ಧೈರ್ಯ ಬರ್ತಿಲ್ಲ' ಅಂದ್ರು." ಬರ್ತ್‌ಡೇ ಇರೋದು ನವೆಂಬರಲ್ಲಿ. ಈಜಿನ ವಿಷಯ ಚೆನ್ನಾಗಿದೆ, ಆದ್ರೆ ಜುಲೈದು ಹಳಸಿರಬಹುದು ಅಂತ ಮುಂಚೆನೇ ಊಟದ ಹೊತ್ತಲ್ಲಿ "ಈಜು ಎಲ್ಲೀವರೆಗೆ ಬಂತು ಮೇಡಂ" ಅಂದೆ. "ಅಯ್ಯೋ, ಅದನ್ನ ಬಿಟ್ಟೇ ಬಿಟ್ಟೆ!" ಸರಿ, ಆ ಸಾಲು ಹೊಡೆದುಹಾಕಿ ಹೀಗೆ ಬರೆದೆ:

"ಹುಟ್ಟುಹಬ್ಬದ ಶುಭಾಶಯ ಮೇಡಂ. ನಿಮ್ಮ ಪೆನ್ನಿನ ಕ್ಯಾಪ್ ಟಕ್ ಅಂದಮೇಲೇ ನಮಗೆಲ್ಲ ಉಸಿರು ಬರೋದು. ಈ ವರ್ಷ ಆ ಸದ್ದು ಬೇಗ ಬೇಗ ಕೇಳಿಸ್ಲಿ."

ಒಂದೇ ವಿವರ, ಗಮನಿಸಿ. ಮೂರು ನಾಲ್ಕು ತುರುಕಿದ್ರೆ ಪ್ರೀತಿ ಅನ್ನಿಸಲ್ಲ, ಇವನು ನನ್ನನ್ನೇ ನೋಡ್ತಾ ಕೂತಿದ್ದಾನಾ ಅನ್ನಿಸುತ್ತೆ. ಕಳಿಸಿದ ಮೆಸೇಜನ್ನೂ ವರ್ಷ ಹಾಕಿ ಅದೇ ಪುಟದಲ್ಲಿ ಬರೆದಿಡ್ತೀನಿ, ಇಲ್ಲಾಂದ್ರೆ ಮುಂದಿನ ವರ್ಷ ಮತ್ತೆ ಅದೇ ಕ್ಯಾಪ್ ಟಕ್ ಅನ್ನುತ್ತೆ.

ಬರೆಯದೇ ಬಿಡೋದೂ ಇದೆ. ಕಾಯಿಲೆ, ಮನೆ ಜಗಳ, ಸಂಬಳ, ಇನ್ನೊಬ್ಬರು ಬಂದು ಹೇಳಿದ ಸುದ್ದಿ ಇವ್ಯಾವೂ ಬೇಡ. ಪುಸ್ತಕ ಟೇಬಲ್ ಮೇಲೆ ಮರೆತುಹೋಗಿ ಅವರೇ ತೆಗೆದು ಓದಿದ್ರೆ ನಗ್ಬೇಕು, ಮುಖ ಸಣ್ಣದಾಗಬಾರದು, ನಾನು ಅಷ್ಟೇ ನೋಡೋದು. ಶೇರ್ ಮಾಡಿದ ಶೀಟಲ್ಲಿ ಇದನ್ನ ಇಡೋಕೇ ಹೋಗ್ಬೇಡಿ, ಯಾರು ಯಾರಿಗೆ ಫಾರ್ವರ್ಡ್ ಮಾಡ್ತಾರೋ ಗೊತ್ತಾಗಲ್ಲ. ನನಗೊಬ್ಬನಿಗೇ ಹೇಳಿದ ಮಾತಾದ್ರೆ ಪಕ್ಕದಲ್ಲಿ ಒಂದು ಚುಕ್ಕಿ ಹಾಕಿರ್ತೀನಿ, ಅದು ಗ್ರೂಪಿಗೆ ಹೋಗಲ್ಲ, ಹೋದ್ರೆ ಪರ್ಸನಲ್ ಮೆಸೇಜಲ್ಲಿ ಮಾತ್ರ. ಕೆಲಸ ಬಿಟ್ಟು ಹೋದವರ ಪುಟ ಹರಿದುಹಾಕ್ತೀನಿ.

ಕೆಲವರ ಪುಟ ವರ್ಷಪೂರ್ತಿ ಖಾಲಿನೇ ಇರುತ್ತೆ. ಅವರ ಜೊತೆ ನಾನು ಮಾತೇ ಆಡಿಲ್ಲ ಅಂತ ಅರ್ಥ, ಅವರಿಗೆ ಎರಡು ಸಾಲಿನ ಮಾಮೂಲಿ ಶುಭಾಶಯ ಸಾಕು, ಇಲ್ಲದ ಸಲಿಗೆ ತೋರಿಸೋಕೆ ಹೋದ್ರೆ ಅವರಿಗೇ ಮುಜುಗರ.