ಎಲ್ಲ ರಿಪೋರ್ಟೂ ನಾರ್ಮಲ್ ಇತ್ತು, ಕಿಡ್ನಿ ಮಾತ್ರ ಇಳಿಯುತ್ತಿತ್ತು

ಮಂಗಳೂರಿನ ಒಬ್ಬರು ಫಿಜಿಶಿಯನ್ ಹತ್ತಿರ ನಾನು ಕ್ಲಿನಿಕ್ ಸಹಾಯಕಿ. ಬಿಪಿ, ತೂಕ ನೋಡುವುದು, ಹಳೆ ಫೈಲು ತೆಗೆದಿಡುವುದು, ರೋಗಿ ಒಳಗೆ ಹೋಗುವ ಮೊದಲು ರಕ್ತದ ರಿಪೋರ್ಟುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ ಡಾಕ್ಟರ ಮೇಜಿನ ಮೇಲಿಡುವುದು ನನ್ನ ಕೆಲಸ. ಈ ಕೊನೆಯ ಕೆಲಸದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

2025ರ ಫೆಬ್ರವರಿಯಲ್ಲಿ ಉಡುಪಿ ಕಡೆಯ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ವಯಸ್ಸು 61. ಬಹಳ ವರ್ಷ ಗಲ್ಫ್‌ನಲ್ಲಿದ್ದು 2022ರಲ್ಲಿ ಊರಿಗೆ ಬಂದವರು. ಬಿಪಿ, ಸಕ್ಕರೆ ಎರಡೂ ಉಂಟು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದರಲ್ಲಿ ಆರು ವರ್ಷದ ರಿಪೋರ್ಟುಗಳು. ಅದರೊಳಗೆ ಸ್ಕ್ಯಾನಿಂಗ್ ಕವರು, ಔಷಧಿ ಬಿಲ್ಲು, ಕನ್ನಡಕದ ಚೀಟಿ ಎಲ್ಲ ಸೇರಿತ್ತು. ಆ ಅಮ್ಮ ಚೀಲ ಕೊಡುವಾಗಲೇ ಹೇಳಿದರು, "ಎಲ್ಲ ನಾರ್ಮಲ್ ಉಂಟು ಸಿಸ್ಟರ್. ಈ ಸಲದ್ದರಲ್ಲಿ ಒಂದು ಮಾತ್ರ ಸ್ವಲ್ಪ ಜಾಸ್ತಿ ಅಂತ ಬಂದಿದೆ."

ಅವರು ಹೇಳಿದ್ದು ಸುಳ್ಳಲ್ಲ. ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗಿನದ್ದು ಬಿಟ್ಟರೆ, ಕಿಡ್ನಿಯ ಮಟ್ಟಿಗೆ ಒಂದೊಂದೇ ಹಾಳೆ ನೋಡಿದರೆ ಹಾಗೆಯೇ ಇತ್ತು. ಲ್ಯಾಬಿನವರು ದಪ್ಪ ಅಕ್ಷರ ಹಾಕುವುದು ಅಂಕೆ ಮಿತಿ ದಾಟಿದಾಗ ಮಾತ್ರ. ಮಿತಿಯ ಒಳಗೇ ವರ್ಷ ವರ್ಷ ಏರುತ್ತಾ ಬಂದರೆ ಯಾವ ಹಾಳೆಯೂ ಅದನ್ನು ಹೇಳುವುದಿಲ್ಲ.

ನಾನು ಮೊದಲು ಹಾಳೆಗಳನ್ನು ತಾರೀಕಿನ ಪ್ರಕಾರ ಮೇಜಿನ ಮೇಲೆ ಹರಡುತ್ತೇನೆ. ರಿಪೋರ್ಟಿನಲ್ಲಿ ಎರಡು ಮೂರು ತಾರೀಕು ಇರುತ್ತದೆ: ರಕ್ತ ತೆಗೆದದ್ದು, ಲ್ಯಾಬಿಗೆ ಮುಟ್ಟಿದ್ದು, ರಿಪೋರ್ಟ್ ಕೊಟ್ಟದ್ದು. ಪಟ್ಟಿಗೆ ಬೇಕಾದದ್ದು ರಕ್ತ ತೆಗೆದ ದಿನ ಮಾತ್ರ. ಹೀಗೆ ನೋಡಿದಾಗ 2023ರ ಎರಡು ಹಾಳೆ ಒಂದೇ ರಕ್ತದ್ದು ಅಂತ ಗೊತ್ತಾಯಿತು. ಒಂದು ಅದೇ ದಿನ ಸಂಜೆ ಕೊಟ್ಟದ್ದು, ಇನ್ನೊಂದು ಎರಡು ದಿನ ಬಿಟ್ಟು ಪುನಃ ಪ್ರಿಂಟ್ ತೆಗೆದದ್ದು. ಸ್ಯಾಂಪಲ್ ನಂಬರ್ ಒಂದೇ ಇತ್ತು. ಎರಡನ್ನೂ ಬರೆದಿದ್ದರೆ "ಎರಡು ಸಲ ನೋಡಿದಾಗಲೂ ಅಷ್ಟೇ ಬಂದಿದೆ" ಅನ್ನುವ ಸುಳ್ಳು ಧೈರ್ಯ ಬರುತ್ತಿತ್ತು.

ಆಮೇಲೆ ಅಳತೆ. ನಮ್ಮ ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ಗಲ್ಫ್ ರಿಪೋರ್ಟು ಹೊಸತಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕಿಡ್ನಿ ಇಳಿದರೆ ರಕ್ತದಲ್ಲಿ ಅದು ಏರುತ್ತದೆ. ಇವರ ಅಲ್ಲಿನ ಹಾಳೆಯಲ್ಲಿ ಅದು 84 ಅಂತ ಇತ್ತು, ಇಲ್ಲಿನ ಹಾಳೆಯಲ್ಲಿ 1.2. ಅಲ್ಲಿಯದು ಲೀಟರಿಗೆ ಎಷ್ಟು ಮೈಕ್ರೊಮೋಲ್ ಅನ್ನುವ ಲೆಕ್ಕ, ಇಲ್ಲಿಯದು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಮೊದಲನೆಯದನ್ನು 88.4ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ. ಎಕ್ಸೆಲ್‌ನಲ್ಲಿ ಹಾಳೆಯಲ್ಲಿದ್ದ ಅಂಕೆಯನ್ನು ಹಾಗೆಯೇ ಒಂದು ಕಾಲಮ್ಮಿನಲ್ಲಿ ಉಳಿಸಿ, ಪಕ್ಕದಲ್ಲಿ ಬದಲಿಸಿದ್ದನ್ನು ಇಡುತ್ತೇನೆ. ಯಾರಿಗಾದರೂ ಸಂಶಯ ಬಂದರೆ ಮೂಲ ಅಂಕೆ ಅಲ್ಲೇ ಕಾಣಬೇಕು.

```
=ROUND(B2/88.4, 2)
```

ಅಳತೆ ತಪ್ಪಿದರೆ ಸಾಮಾನ್ಯವಾಗಿ ಕಣ್ಣಿಗೆ ಹೊಡೆಯುತ್ತದೆ, 84 ಮತ್ತು 1.2 ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಸಕ್ಕರೆಯಲ್ಲಿ ಹಾಗಲ್ಲ. ಗಲ್ಫ್ ಹಾಳೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 7.8 ಅಂತ ಇತ್ತು. ಅದು ಮಿಲಿಮೋಲ್ ಲೆಕ್ಕ, 18ರಿಂದ ಗುಣಿಸಿದರೆ ನಮ್ಮ 140. ಆದರೆ 7.8 ಅಂದ ಕೂಡಲೇ ಇಲ್ಲಿಯವರಿಗೆ ನೆನಪಾಗುವುದು ಮೂರು ತಿಂಗಳ ಸಕ್ಕರೆ, ಅಂದರೆ ಎಚ್‌ಬಿಎ1ಸಿ. ಗಡಿಬಿಡಿಯಲ್ಲಿ ಆ ಕಾಲಮ್ಮಿಗೆ ಹೋದರೆ ಯಾರಿಗೂ ಅನುಮಾನ ಬರುವುದಿಲ್ಲ.

ನನ್ನ ತಪ್ಪು ಆದದ್ದು ಯೂರಿಯಾದಲ್ಲಿ, ಅದೂ ಕ್ರಿಯಾಟಿನಿನ್ ಹಾಗೆಯೇ ಕಿಡ್ನಿ ಹೊರಹಾಕುವ ಕಸ. 2023ರ ಹಾಳೆಯಲ್ಲಿ ಯೂರಿಯಾ 40. 2024ರ ಅಕ್ಟೋಬರಿನಲ್ಲಿ ಬೇರೆ ಲ್ಯಾಬು, ಅಲ್ಲಿ 21. ಎರಡರ ಅಳತೆಯೂ ಮಿಲಿಗ್ರಾಂನಲ್ಲೇ ಇತ್ತು, ಹಾಗಾಗಿ ನಿಶ್ಚಿಂತೆಯಿಂದ ಬರೆದುಬಿಟ್ಟೆ. ಡಾಕ್ಟರು ಹಾಳೆ ನೋಡಿ ಪೆನ್ನು ಅಲ್ಲೇ ನಿಲ್ಲಿಸಿದರು. "ಕ್ರಿಯಾಟಿನಿನ್ ಏರಿದೆ, ಯೂರಿಯಾ ಅರ್ಧಕ್ಕೆ ಇಳಿದಿದೆ. ಇದು ಹೇಗೆ? ಮೂಲ ಹಾಳೆ ತನ್ನಿ." ತಂದು ನೋಡಿದರೆ ಅಲ್ಲಿ ಬ್ಲಡ್ ಯೂರಿಯಾ ಅಲ್ಲ, ಬಿಯುಎನ್ ಅಂತ ಇತ್ತು. ಅಂದರೆ ಯೂರಿಯಾದ ಒಳಗಿನ ನೈಟ್ರೊಜನ್ನಿನ ತೂಕ ಮಾತ್ರ. ಯೂರಿಯಾದ ತೂಕ 60 ಅಂತ ಇಟ್ಟರೆ ಅದರಲ್ಲಿ ನೈಟ್ರೊಜನ್ 28, ಹಾಗಾಗಿ ಬಿಯುಎನ್ ಅನ್ನು 2.14ರಿಂದ ಗುಣಿಸಬೇಕು. 21 ಆಗಿದ್ದದ್ದು 45 ಆಯಿತು. ಇಳಿದದ್ದಲ್ಲ, ಏರಿದ್ದು. ಆ ದಿನ ನನಗೆ ತುಂಬ ಬೇಜಾರಾಯಿತು. ಡಾಕ್ಟರ ಗಮನಕ್ಕೆ ಬಾರದೆ ಹೋಗಿದ್ದರೆ ನನ್ನ ಪಟ್ಟಿಯೇ ಅವರ ದಾರಿ ತಪ್ಪಿಸುತ್ತಿತ್ತು. ಈಗ ಅಂಕೆ ಬರೆಯುವ ಮೊದಲು ಪರೀಕ್ಷೆಯ ಹೆಸರನ್ನು ಪೂರ್ತಿ ಓದುತ್ತೇನೆ, ಒಟ್ಟಿಗೆ ಏರಿಳಿಯಬೇಕಾದ ಎರಡು ಅಂಕೆ ಬೇರೆ ಬೇರೆ ದಿಕ್ಕಿಗೆ ಹೋದರೆ ಮೂಲ ಹಾಳೆಗೆ ವಾಪಸ್ ಹೋಗುತ್ತೇನೆ.

ಇದೆಲ್ಲ ಆದ ಮೇಲೆ ಕ್ರಿಯಾಟಿನಿನ್ ಪಟ್ಟಿ ಹೀಗೆ ಕಂಡಿತು. ಲ್ಯಾಬುಗಳಿಗೆ ಇಲ್ಲಿ ಅಕ್ಷರ ಕೊಟ್ಟಿದ್ದೇನೆ.

| ರಕ್ತ ತೆಗೆದದ್ದು | ಲ್ಯಾಬ್ | ಕ್ರಿಯಾಟಿನಿನ್ | ಇಜಿಎಫ್‌ಆರ್ | ಟಿಪ್ಪಣಿ |
|---|---|---|---|---|
| ಮಾರ್ಚ್ 2019 | ಗಲ್ಫ್ | 0.95 | 95 | ಮೂಲದಲ್ಲಿ 84 |
| ಆಗಸ್ಟ್ 2021 | ಗಲ್ಫ್ | 1.10 | 78 | ಮೂಲದಲ್ಲಿ 97 |
| ನವೆಂಬರ್ 2022 | ಕ | 1.2 | 70 | ಊರಿಗೆ ಬಂದ ಮೇಲೆ |
| ಸೆಪ್ಟೆಂಬರ್ 2023 | ಖ | 1.3 | 63 | |
| 9 ಜುಲೈ 2024 | ಆಸ್ಪತ್ರೆ | 2.1 | ಹಾಕಿಲ್ಲ | ಜ್ವರ, ವಾಂತಿ |
| 12 ಜುಲೈ 2024 | ಆಸ್ಪತ್ರೆ | 1.7 | ಹಾಕಿಲ್ಲ | ಡ್ರಿಪ್ಸ್ ನಂತರ |
| ಅಕ್ಟೋಬರ್ 2024 | ಗ | 1.4 | 58 | ಜ್ವರ ಬಿಟ್ಟು 3 ತಿಂಗಳು |
| ಫೆಬ್ರವರಿ 2025 | ಗ | 1.5 | 53 | |

ಇಜಿಎಫ್‌ಆರ್ ಅಂದರೆ ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ರಕ್ತರಸ ಸೋಸುತ್ತದೆ ಎನ್ನುವ ಅಂದಾಜು. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎನ್ನುವುದನ್ನು ಸೇರಿಸಿ ಸೂತ್ರದಿಂದ ಲೆಕ್ಕ ಹಾಕುತ್ತಾರೆ. ಕೆಲವು ಲ್ಯಾಬು ತಾವೇ ಕೊಡುತ್ತವೆ, ಆದರೆ ಎಲ್ಲ ಲ್ಯಾಬುಗಳ ಸೂತ್ರ ಒಂದೇ ಇರುವುದಿಲ್ಲ. ಹಾಗಾಗಿ ಹಾಳೆಯಲ್ಲಿದ್ದದ್ದನ್ನು ನಕಲು ಮಾಡದೆ ಎಲ್ಲ ಸಾಲಿಗೂ 2021ರ ಸಿಕೆಡಿ-ಎಪಿ ಸೂತ್ರವನ್ನೇ ಹಾಕಿದೆ. ವಯಸ್ಸು ಆಯಾ ದಿನದ್ದೇ ಇರಬೇಕು. 2019ರ ಸಾಲಿಗೆ 55, 2025ರ ಸಾಲಿಗೆ 61. ಎಲ್ಲದಕ್ಕೂ ಈಗಿನ ವಯಸ್ಸು ಹಾಕಿದರೆ ಹಳೆಯ ಅಂಕೆಗಳು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತವೆ.

ಸೆಪ್ಟೆಂಬರ್ 2023ರ ಸಾಲನ್ನು ಗಮನಿಸಿ. ಆ ಲ್ಯಾಬಿನ ಮಿತಿ 0.7ರಿಂದ 1.3. ಅಂಕೆ 1.3. ದಪ್ಪ ಅಕ್ಷರ ಇಲ್ಲ, ನಾರ್ಮಲ್. ಅದೇ ದಿನ ಇಜಿಎಫ್‌ಆರ್ 63, ನಾಲ್ಕೂವರೆ ವರ್ಷದ ಹಿಂದೆ ಇದ್ದದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ.

ಜುಲೈ 2024ರ ಎರಡು ಸಾಲು ಬೇರೆಯೇ ಕತೆ. ಮಳೆಗಾಲದಲ್ಲಿ ಜ್ವರ, ವಾಂತಿ ಬಂದು ಅಡ್ಮಿಟ್ ಆಗಿದ್ದರು. ಮೈಯ ನೀರು ಬತ್ತಿದಾಗ ಕ್ರಿಯಾಟಿನಿನ್ ಹಾರುತ್ತದೆ, ಆಮೇಲೆ ಇಳಿಯುತ್ತದೆ. ಅಂಕೆ ದಿನದಿಂದ ದಿನಕ್ಕೆ ಬದಲಾಗುವಾಗ ಇಜಿಎಫ್‌ಆರ್ ಸೂತ್ರಕ್ಕೆ ಅರ್ಥವಿಲ್ಲ, ಆದ್ದರಿಂದ ಅಲ್ಲಿ ಹಾಕಲಿಲ್ಲ. ಹಾಗಂತ ಆ ಸಾಲುಗಳನ್ನು ಅಳಿಸಲೂ ಇಲ್ಲ, ಬೂದು ಬಣ್ಣ ಕೊಟ್ಟು ಉಳಿಸಿದೆ. ಅವನ್ನು ಬೇರೆ ಮಾಡದಿದ್ದರೆ "2.1 ಇದ್ದದ್ದು 1.5ಕ್ಕೆ ಬಂತು, ಸುಧಾರಿಸಿದೆ" ಅಂತ ಓದಬಹುದು. ಮನೆಯವರು ಓದಿದ್ದೂ ಹಾಗೆಯೇ.

ಗ್ರಾಫ್ ಎಳೆಯುವಾಗ ಇದೇ ಎರಡು ಸಾಲು ಇನ್ನೊಂದು ತೊಂದರೆ ಕೊಟ್ಟವು. ಮೊದಲ ಎರಡು ಪರೀಕ್ಷೆಗಳ ನಡುವೆ 29 ತಿಂಗಳು, ಜುಲೈನ ಎರಡರ ನಡುವೆ ಮೂರು ದಿನ. ಗ್ರಾಫಿನಲ್ಲಿ ಎರಡಕ್ಕೂ ಒಂದೇ ಜಾಗ ಸಿಕ್ಕಿತ್ತು. ಕಾರಣ, ನಾನು ಟೈಪ್ ಮಾಡಿದ ತಾರೀಕುಗಳನ್ನು ಎಕ್ಸೆಲ್ ತಾರೀಕು ಅಂತ ತಿಳಿಯದೆ ಬರೀ ಅಕ್ಷರ ಅಂತ ತಿಳಿದಿತ್ತು. ತಾರೀಕು ಚೌಕದ ಎಡಕ್ಕೆ ಅಂಟಿಕೊಂಡಿದ್ದರೆ ಹೆಚ್ಚಾಗಿ ಅದು ಅಕ್ಷರ, ಬಲಕ್ಕೆ ಇದ್ದರೆ ನಿಜವಾದ ತಾರೀಕು. ಸರಿಪಡಿಸಿ ಸ್ಕ್ಯಾಟರ್ ಗ್ರಾಫ್ ಹಾಕಿದ ಮೇಲೆ ಅಂತರಗಳು ಸರಿಯಾದವು. ಪರೀಕ್ಷೆ ಮಾಡದ ದಿನದ ಚೌಕ ಖಾಲಿಯೇ ಇರಬೇಕು. ಅಲ್ಲಿ ಸೊನ್ನೆ ಹಾಕಿದರೆ ಗೆರೆ ನೆಲಕ್ಕೆ ಬೀಳುತ್ತದೆ.

ಈ ಪಟ್ಟಿಗೂ ಒಂದು ಮಿತಿ ಉಂಟು. 1.2ರಿಂದ 1.3 ಆದದ್ದನ್ನೇ ಹಿಡಿದು ಏರಿದೆ ಅನ್ನಲಿಕ್ಕಾಗುವುದಿಲ್ಲ. ಲ್ಯಾಬ್ ಬೇರೆ, ವಿಧಾನ ಬೇರೆ ಇರಬಹುದು, ಹಿಂದಿನ ದಿನ ಮಾಂಸ ಜಾಸ್ತಿ ತಿಂದರೂ ಅಷ್ಟು ವ್ಯತ್ಯಾಸ ಬರಬಹುದು. ಆರು ವರ್ಷ, ಆರು ಅಂಕೆ, ಎಲ್ಲವೂ ಒಂದೇ ದಿಕ್ಕಿಗೆ ಹೋದದ್ದರಿಂದ ಮಾತ್ರ ಇಲ್ಲಿ ಮಾತಿಗೆ ಬಲ ಬಂತು. ಡಾಕ್ಟರು ಮುಖ್ಯವಾಗಿ ನೋಡಿದ್ದು ಕೊನೆಯ ಎರಡು ಸಾಲು. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಕನಿಷ್ಠ ಮೂರು ತಿಂಗಳು ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತ ಹೇಳುತ್ತಾರೆ. ಅಕ್ಟೋಬರಿನಿಂದ ಫೆಬ್ರವರಿಗೆ ನಾಲ್ಕು ತಿಂಗಳು.

ಟಿಪ್ಪಣಿ ಕಾಲಮ್ಮಿಗಾಗಿ ನಾನು ಯಾವಾಗಲೂ ಮಾತ್ರೆಗಳ ಬಗ್ಗೆ ಕೇಳುತ್ತೇನೆ. "ಮಂಡಿನೋವಿಗೆ ಎಂತಾದರೂ ತಗೊಳ್ತಾರಾ ಅಮ್ಮ?" ಅಂದೆ. "ಹೌದು, ಊರಿಗೆ ಬಂದ ಮೇಲೆ ಮೆಡಿಕಲ್‌ನಿಂದ ತರುವುದು. ವಾರಕ್ಕೆ ಮೂರ್ನಾಲ್ಕು." ಅದನ್ನು ನವೆಂಬರ್ 2022ರ ಸಾಲಿನ ಎದುರು ಪೆನ್ನಿನಲ್ಲಿ ಬರೆದುಕೊಟ್ಟೆ. ಅಂಥ ನೋವಿನ ಮಾತ್ರೆ ಕಿಡ್ನಿಗೆ ಹಾನಿ ಮಾಡಬಹುದು, ಹಾಗಾಗಿ ಪೂರ್ತಿ ಅದರಿಂದಲೇ ಆಗಿರಬೇಕು ಅಂತ ನನಗನಿಸಿತ್ತು. ಡಾಕ್ಟರು ಅದಕ್ಕಿಂತ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. "ಮಾತ್ರೆ ನಿಲ್ಲಿಸಲೇಬೇಕು. ಆದರೆ 95ರಿಂದ 78ಕ್ಕೆ ಇಳಿದದ್ದು ಅದಕ್ಕೂ ಮೊದಲೇ. ಬಿಪಿ, ಸಕ್ಕರೆ ನೋಡಬೇಕು." ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೊಟೀನ್ ಎಷ್ಟು ಹೋಗುತ್ತಿದೆ ಅಂತ ಪರೀಕ್ಷೆಗೆ ಬರೆದರು. ಚೀಲದಲ್ಲಿದ್ದ ಆರು ವರ್ಷದ ಹಾಳೆಗಳಲ್ಲಿ ಆ ಪರೀಕ್ಷೆ ಒಂದು ಸಲವೂ ಇರಲಿಲ್ಲ.

ಹೊರಡುವಾಗ ಪಟ್ಟಿಯ ಒಂದು ಪ್ರಿಂಟ್ ಅಮ್ಮನ ಕೈಗೆ ಕೊಟ್ಟೆ. ಕೆಳಗೆ ಮೇ ತಿಂಗಳದ್ದು ಅಂತ ಒಂದು ಸಾಲು ಖಾಲಿ ಬಿಟ್ಟಿದ್ದೆ. "ಇನ್ನು ಮುಂದೆ ಇದೇ ಲ್ಯಾಬಿನಲ್ಲಿ ಕೊಡಿ ಅಮ್ಮ, ಬೇರೆ ಕಡೆ ಬೇಡ" ಅಂದೆ. ಅವರು ಹಾಳೆಯನ್ನು ಚೀಲಕ್ಕೆ ಹಾಕಲಿಲ್ಲ, ಮಡಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು.