ಬಾಟಲಿಯ ಹೆಸರೆತ್ತದೆ ಬರೆಸಿದ ಲೇಬಲ್

ಶಿರಸಿಯ ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆಯಲ್ಲೂ ಅತ್ತಿಗೆ ಮುರುಗಲು ಹಣ್ಣಿನ ಸಿರಪ್ ಮಾಡುತ್ತಾರೆ. ಈ ವರ್ಷ ಬಾಟಲಿಗೆ ಸುತ್ತಲೂ ಬರುವ ಲೇಬಲ್ ಬೇಕೆಂದು, ಅದರ ಚಿತ್ರವನ್ನು ಬರೆದು ಕೇಳಿದ್ದನ್ನು ಚಿತ್ರಿಸಿಕೊಡುವ ಎಐ ಯಂತ್ರವಾದ ಮಿಡ್‌ಜರ್ನಿಯಲ್ಲಿ ತಯಾರಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆಂದು ಭಾವಿಸಿ ಒಂದು ಭಾನುವಾರ ಬೆಳಿಗ್ಗೆ ಕುಳಿತವನು, ದೀಪ ಹಚ್ಚುವ ಹೊತ್ತಿಗೆ ಎದ್ದೆ.

ಮೊದಲು ನಾನು ಬರೆದ ಪ್ರಾಂಪ್ಟ್, ಯಾರೇ ಆದರೂ ಬರೆಯುವಂಥದ್ದು: ಮುರುಗಲು ಸಿರಪ್ ಬಾಟಲಿಗೆ ಸುತ್ತು ಲೇಬಲ್. ಬಂದದ್ದು ಲೇಬಲ್ ಅಲ್ಲ, ಲೇಬಲ್ ಅಂಟಿಸಿದ ಬಾಟಲಿಯ ಫೋಟೋದಂಥ ಚಿತ್ರ. ನೋಡಲು ಚೆನ್ನಾಗಿಯೇ ಇತ್ತು. ಬಾಟಲಿಯ ಭಾಗವನ್ನು ಕತ್ತರಿಸಿ, ಲೇಬಲನ್ನಷ್ಟೇ ಉಳಿಸಿಕೊಂಡು, ಮನೆಯ ಪ್ರಿಂಟರಿನಲ್ಲಿ ಅಳತೆಗೆ ಸರಿಯಾಗಿ ತೆಗೆದು ಬಾಟಲಿಗೆ ಸುತ್ತಿದೆ. ಅಂಚಿನ ಗೆರೆ ನಡುವೆ ಜೋತು ಬಿದ್ದ ಬಟ್ಟೆಯ ಹಗ್ಗದಂತೆ ಕೆಳಗೆ ಬಾಗಿತ್ತು, ಬದಿಯ ಎಲೆಗಳು ಅಕ್ಕಪಕ್ಕದಿಂದ ಒತ್ತಿದಂತೆ ಸಪೂರವಾಗಿದ್ದವು, ಮೇಲಿನಿಂದ ಕೆಳಗೆ ಒಂದು ಬಿಳಿ ಪಟ್ಟೆ ಎದ್ದು ಕಾಣುತ್ತಿತ್ತು. ಆ ಪಟ್ಟೆ ಗಾಜಿನ ಮೇಲೆ ಬೀಳುವ ಬೆಳಕಿನ ಹೊಳಪು. ಅಂದರೆ ಚಿತ್ರದೊಳಗೇ ಒಮ್ಮೆ ಬಾಗಿದ್ದ ಲೇಬಲನ್ನು ನಾನು ನಿಜವಾದ ಬಾಟಲಿಯ ಮೇಲೆ ಎರಡನೆಯ ಸಲ ಬಾಗಿಸಿದ್ದೆ. ಅತ್ತಿಗೆ ಅದನ್ನು ತಿರುಗಿಸಿ ನೋಡಿ, “ತಮ್ಮಾ, ಇದು ಬಾಟಲಿಯ ಫೋಟೋವನ್ನೇ ಬಾಟಲಿಗೆ ಅಂಟಿಸಿದ ಹಾಗೆ ಇದೆಯಲ್ಲ” ಎಂದರು.

ಕಾಗದವನ್ನು ಸಿಲಿಂಡರಿನ ಮೇಲೆ ಹಿಗ್ಗಿಸದೆ, ಸುಕ್ಕುಗಟ್ಟಿಸದೆ ಸುತ್ತಬಹುದು. ಆದ್ದರಿಂದ ನೇರ ಬಾಟಲಿಯ ಕಲಾಕೃತಿಗೆ ಬಾಗುವಿಕೆಯ ಯಾವ ತಯಾರಿಯೂ ಬೇಡ. ಮೇಜಿನ ಮೇಲೆ ಹರಡಿದ ಹಾಳೆಯಂತೆ ಅದು ಸಪಾಟಾಗಿದ್ದರೆ ಸಾಕು. ಇಷ್ಟು ತಿಳಿದ ಮೇಲೆ ಪ್ರಾಂಪ್ಟಿಗೆ ‘ಸಪಾಟಾಗಿರಲಿ, ಬಾಟಲಿ ಬೇಡ’ ಎಂಬ ಮಾತನ್ನು ಸೇರಿಸಿದೆ. ಆದರೂ ಬಾಟಲಿ ಬಂತು. ‘ಬೇಡ’ ಎಂದು ವಾಕ್ಯದೊಳಗೆ ಬರೆದರೂ ಬಾಟಲಿ ಎಂಬ ಪದ ಅಲ್ಲಿ ಇದ್ದೇ ಇರುತ್ತದೆ, ಇಂಥ ಯಂತ್ರ ಆ ಪದವನ್ನು ಹಿಡಿದುಕೊಳ್ಳುವುದೇ ಹೆಚ್ಚು. ಲೇಬಲ್, ಸಿರಪ್ ಎಂಬ ಪದಗಳೂ ಬಾಟಲಿಯನ್ನೇ ಕರೆತರುತ್ತಿದ್ದವು. ಕೊನೆಗೆ ವಸ್ತುವಿನ ಬಳಕೆಯನ್ನು ಹೇಳುವುದನ್ನೇ ಬಿಟ್ಟು, ಗೋಡೆಯ ಮೇಲಿನ ಉದ್ದನೆಯ ಚಿತ್ರಪಟ್ಟಿಕೆಯೊಂದನ್ನು ಕೇಳುವವನಂತೆ ಬರೆದೆ. ಬೇಡದ್ದನ್ನು ಅದಕ್ಕಾಗಿಯೇ ಇರುವ `--no` ಸೂಚನೆಗೆ ಸಾಗಿಸಿದೆ:

```
flat botanical frieze, kokum branches with small round
dark red fruits and narrow green leaves, main cluster in
the centre, sparse towards both ends, plain cream
background at far left and right, straight-on view,
even light, solid ink colours
--ar 11:4 --no bottle, jar, label, mockup, shadow, text
```

ಇದರಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವಾದ 11:4 ಎಂಬುದು ಅಂದಾಜಿನ ಸಂಖ್ಯೆಯಲ್ಲ. ಬಾಟಲಿಯ ಬುಡದ ವ್ಯಾಸ 70 ಮಿ.ಮೀ., ಅದರ ಸುತ್ತಳತೆ ಹೆಚ್ಚುಕಡಿಮೆ 220 ಮಿ.ಮೀ., ಲೇಬಲಿನ ಎತ್ತರ 80 ಮಿ.ಮೀ. ಬೇರೆ ಅನುಪಾತದ ಚಿತ್ರವನ್ನು ತೆಗೆದುಕೊಂಡು ಆಮೇಲೆ ಎಳೆದು ಹೊಂದಿಸಿದರೆ ಹಣ್ಣುಗಳೆಲ್ಲ ಕುಂಬಳಕಾಯಿಯಂತೆ ಚಪ್ಪಟೆಯಾಗುತ್ತವೆ. ಅಂಟಿಗಾಗಿ ಒಂದರ ಮೇಲೊಂದು ಬರುವ 6 ಮಿ.ಮೀ. ಭಾಗವನ್ನು ಇದರಲ್ಲಿ ಸೇರಿಸಿಲ್ಲ, ಏಕೆಂದರೆ ಅದು ಮುಚ್ಚಿಹೋಗುವ ಹೆಚ್ಚುವರಿ ಕಾಗದ. ಎರಡೂ ತುದಿಗಳನ್ನು ಕೆನೆಬಣ್ಣದಲ್ಲಿ ಖಾಲಿ ಬಿಡಿಸಿದ್ದೂ ಜೋಡಣೆಗಾಗಿಯೇ. ಎಡತುದಿಯ ಕೊಂಬೆ ಬಲತುದಿಯ ಕೊಂಬೆಗೆ ಕೂದಲೆಳೆಯಷ್ಟೂ ತಪ್ಪದೆ ಸೇರುವಂತೆ ಮಾಡುವುದಕ್ಕಿಂತ, ಅಲ್ಲಿ ಕೊಂಬೆಯೇ ಇಲ್ಲದಂತೆ ಮಾಡುವುದು ಸುಲಭ. ಹೆಸರು, ಪದಾರ್ಥಗಳ ಪಟ್ಟಿ, ಬೆಲೆ ಮುಂತಾದ ಅಕ್ಷರಗಳನ್ನೆಲ್ಲ ನಾನೇ ಪ್ರತ್ಯೇಕವಾಗಿ ಟೈಪ್ ಮಾಡಿ ಚಿತ್ರದ ಮೇಲೆ ಕೂರಿಸಿದೆ. ಯಂತ್ರ ಬರೆದ ಕನ್ನಡದಲ್ಲಿ ಒತ್ತಕ್ಷರಗಳು ಎಲ್ಲಿಗೋ ಹೋಗಿ ಕುಳಿತಿದ್ದವು. ಹಣ್ಣಿನ ಚಹರೆಯನ್ನು ಪ್ರಾಂಪ್ಟಿನಲ್ಲಿ ಅಷ್ಟು ಬಿಡಿಸಿ ಹೇಳಿದ್ದಕ್ಕೂ ಕಾರಣವಿದೆ. ಮುರುಗಲಿಗೆ ಬರೀ ‘ಕೋಕಂ’ ಎಂದಾಗ ಒಮ್ಮೆ ಮ್ಯಾಂಗೋಸ್ಟೀನ್, ಇನ್ನೊಮ್ಮೆ ದಾಳಿಂಬೆ ಬಂದಿತ್ತು.

ಚಿತ್ರ ಸಪಾಟಾಗಿ ಬಂದ ಮೇಲೆ ಅದರ ನಡುವೆ ಹೆಸರಿಗಾಗಿ 60 ಮಿ.ಮೀ. ಅಗಲದ ವೃತ್ತವೊಂದನ್ನು ಹಾಕಿದ್ದೆ. ಬಾಟಲಿಗೆ ಸುತ್ತಿ ಎದುರಿನಿಂದ ನೋಡಿದರೆ ಅದು ನಿಂತ ಮೊಟ್ಟೆಯಂತೆ ಕಾಣಿಸಿತು. ಲೆಕ್ಕ ಹಾಕಿದಾಗ ತಿಳಿಯಿತು: ಈ ವ್ಯಾಸದ ಬಾಟಲಿಯ ಮೇಲೆ ವೃತ್ತದ ಅಂಚುಗಳು ಹಿಂದಕ್ಕೆ ಸರಿಯುವುದರಿಂದ 60 ಮಿ.ಮೀ. ಅಗಲ ಕಣ್ಣಿಗೆ 53ರಷ್ಟೇ ಆಗುತ್ತದೆ, ಎತ್ತರ ಮಾತ್ರ 60 ಆಗಿಯೇ ಉಳಿಯುತ್ತದೆ. ವೃತ್ತವನ್ನು ಮೊದಲೇ ಅಡ್ಡಕ್ಕೆ ಹಿಗ್ಗಿಸಿ ಕೊಡಬಹುದೆಂದು ಒಂದು ಕ್ಷಣ ಅನ್ನಿಸಿತು. ಆದರೆ ಹಾಗೆ ಮಾಡಿದರೆ ನೇರ ಎದುರಿನಿಂದ ಮಾತ್ರ ಅದು ದುಂಡಗಿರುತ್ತದೆ. ಬಾಟಲಿಯನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಹಿಗ್ಗಿಸಿದ್ದು ಬಯಲಾಗುತ್ತದೆ. ಅದರ ಬದಲು ವೃತ್ತವನ್ನೇ 40 ಮಿ.ಮೀ.ಗೆ ಇಳಿಸಿದೆ. ಆಗ ಅಗಲದಲ್ಲಿ ಕಳೆದುಹೋಗುವುದು ಎರಡೇ ಮಿ.ಮೀ., ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೇನು ಮುಗಿಯಿತೆಂದು ಎಡತುದಿಯಿಂದ ಆರಂಭಿಸಿ, ಅಂಚು ಬುಡಕ್ಕೆ ಸಮವಾಗಿರುವಂತೆ ಹಿಡಿದು ಪೂರ್ತಿ ಸುತ್ತಿದೆ. ಬಲತುದಿ ಎಡತುದಿಗಿಂತ ಒಂದು ಬೆರಳಿನಗಲ ಕೆಳಗಿಳಿದಿತ್ತು. ಮತ್ತೆ ಸುತ್ತಿದೆ, ಮತ್ತೆ ಹಾಗೆಯೇ ಆಯಿತು. ಕೈ ತಪ್ಪುತ್ತಿದೆಯೆಂದು ಅತ್ತಿಗೆಗೆ ಕೊಟ್ಟೆ. ಅವರ ಕೈಯಲ್ಲೂ ಅಷ್ಟೇ ಇಳಿಯಿತು. ನಮ್ಮ ಪರಿಚಯದ ಪ್ರೆಸ್ಸಿನವರಿಗೆ ಫೋನ್ ಮಾಡಿದಾಗ ಅವರು ಚಿತ್ರದ ವಿಷಯವನ್ನೇ ಎತ್ತದೆ, “ಮಾರಾಯ್ರೆ, ಲೇಬಲ್ ಬರುವ ಜಾಗದ ಮೇಲ್ಗಡೆ ಸುತ್ತಳತೆ ತೆಗೆದಿದ್ದೀರಾ?” ಎಂದು ಕೇಳಿದರು. ನಾನು ಬುಡವನ್ನು ಮಾತ್ರ ಅಳೆದಿದ್ದೆ. ಒಂದು ಕಾಗದದ ಪಟ್ಟಿಯನ್ನು ಮೇಲ್ಗಡೆ ಸುತ್ತಿ, ಎರಡೂ ಪದರಗಳಿಗೆ ತಗಲುವಂತೆ ಸೂಜಿ ಚುಚ್ಚಿ, ಬಿಚ್ಚಿ ತೂತುಗಳ ನಡುವಿನ ದೂರವನ್ನು ಅಳೆದಾಗ 210 ಮಿ.ಮೀ.ಗಿಂತ ಚೂರು ಹೆಚ್ಚು ಬಂತು. ಕಣ್ಣಿಗೆ ನೇರವಾಗಿ ಕಾಣುವ ಆ ಬಾಟಲಿ 80 ಮಿ.ಮೀ. ಎತ್ತರದಲ್ಲಿ ವ್ಯಾಸದಲ್ಲಿ 3 ಮಿ.ಮೀ. ಕಿರಿದಾಗಿತ್ತು. ಹಾಗಾದರೆ ಅದು ಸಿಲಿಂಡರ್ ಅಲ್ಲ, ಶಂಕುವಿನ ಒಂದು ತುಂಡು.

ಶಂಕುವನ್ನು ಬಿಡಿಸಿ ಹರಡಿದರೆ ಸಿಗುವುದು ಆಯತವಲ್ಲ, ದೊಡ್ಡ ಬೀಸಣಿಗೆಯ ಒಂದು ಹೋಳು. ನಮ್ಮ ಬಾಟಲಿಗೆ ಆ ಬೀಸಣಿಗೆಯ ಕೆಳಅಂಚಿನ ತ್ರಿಜ್ಯ ಸುಮಾರು 1,867 ಮಿ.ಮೀ. ಬಂತು, ಬುಡದ ತ್ರಿಜ್ಯ 35ನ್ನು ಎತ್ತರ 80ರಿಂದ ಗುಣಿಸಿ, ಮೇಲೆ ಕೆಳಗಿನ ತ್ರಿಜ್ಯಗಳ ವ್ಯತ್ಯಾಸವಾದ ಒಂದೂವರೆಯಿಂದ ಭಾಗಿಸಿದ ಲೆಕ್ಕ ಅದು. ನೇರ ಪಟ್ಟಿಯನ್ನು ಒಂದು ತುದಿಯಿಂದ ಸುತ್ತಿದರೆ ಇನ್ನೊಂದು ತುದಿ 13 ಮಿ.ಮೀ.ಯಷ್ಟು ಇಳಿಯುತ್ತದೆಂದು ಇದರಿಂದಲೇ ಸಿಗುತ್ತದೆ, ನನ್ನ ಬೆರಳಿನಗಲವೂ ಅಷ್ಟೇ. ನಡುವಿನಿಂದ ಸುತ್ತಲು ಆರಂಭಿಸಿದರೆ ಎರಡೂ ತುದಿಗಳು 3 ಮಿ.ಮೀ.ಯಷ್ಟೇ ಇಳಿದು ಒಂದೇ ಮಟ್ಟದಲ್ಲಿ ಸೇರುತ್ತವೆ, ಆದರೆ ಹಿಂಬದಿಯಲ್ಲಿ ಅಂಚು ಚೂಪಾಗಿ ಮುರಿದಂತೆ ಕಾಣುತ್ತದೆ.

ಈ ಕಮಾನನ್ನು ಪ್ರಾಂಪ್ಟಿನಲ್ಲೇ ಕೇಳಿ ನೋಡುವ ಆಸೆ ಆಯಿತು, ಕೇಳಿಯೂ ನೋಡಿದೆ. ಕಮಾನೇನೋ ಬಂತು, ಆದರೆ ಪ್ರತಿ ಸಲವೂ ತನಗೆ ತೋಚಿದ ತ್ರಿಜ್ಯದಲ್ಲಿ. ಅಳತೆಯನ್ನು ಇಂಥ ಯಂತ್ರದಿಂದ ನಿರೀಕ್ಷಿಸಬಾರದು. ಆದ್ದರಿಂದ ಸಪಾಟಾದ 11:4 ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ವಿನ್ಯಾಸದ ತಂತ್ರಾಂಶದಲ್ಲಿ ಲೆಕ್ಕದ ತ್ರಿಜ್ಯಕ್ಕೆ ಸರಿಯಾಗಿ ಬೀಸಣಿಗೆಯ ಹೊರಗೆರೆ ಎಳೆದು, ಚಿತ್ರವನ್ನೂ ಅಕ್ಷರಗಳನ್ನೂ ಒಟ್ಟಿಗೇ ಅದರೊಳಕ್ಕೆ ಬಾಗಿಸಿದೆ. ಮೇಲಂಚು ಇದರಿಂದ ನೂರಕ್ಕೆ ನಾಲ್ಕರಷ್ಟು ಕಿರಿದಾಯಿತು, ಎಲೆಗಳಲ್ಲಿ ಅದು ಗೊತ್ತೇ ಆಗಲಿಲ್ಲ.

ಹಾಳೆಯ ಮೇಲೆ ನಗುವ ಬಾಯಿಯಂತೆ ಬಾಗಿದ್ದ ಲೇಬಲ್ ಬಾಟಲಿಯ ಮೇಲೆ ನೇರವಾಗಿ ಕುಳಿತಿತು, ಕೆನೆಬಣ್ಣದ ಜೋಡಣೆ ಹುಡುಕಿದರೆ ಮಾತ್ರ ಸಿಗುವಂತಿತ್ತು. ಆ ಆಕಾರಕ್ಕೆ ಕತ್ತರಿಸುವ ಅಚ್ಚು ಮಾಡಿಸುವ ಖರ್ಚು ನಲವತ್ತು ಬಾಟಲಿಗೆ ದುಬಾರಿಯೆಂದು, ರಾತ್ರಿ ಊಟವಾದ ಮೇಲೆ ನಾನೂ ಅತ್ತಿಗೆಯೂ ಕತ್ತರಿ ಹಿಡಿದು ಕುಳಿತೆವು. ಹದಿನೈದನೆಯ ಲೇಬಲ್ ಕತ್ತರಿಸುವಾಗ ಅತ್ತಿಗೆ, ಮುಂದಿನ ವರ್ಷ ನೇರ ಬಾಟಲಿಯನ್ನೇ ತರಿಸೋಣ ಎಂದರು.